ನಾಲ್ಕು ಅಂಕಕ್ಕೆ ಬೀಳುವ ನಗರ

ಕಾನ್‌ಸ್ಟಾಂಟಿನೋಪಲ್ ನಗರ 1453ರ ಮೇ 29ರಂದು ಬಿತ್ತು, ಅಲ್ಲಿಗೆ ಮುಗಿಯಿತು ಎಂದು ಲೋಕ ನಂಬಿಕೊಂಡಿದೆ. ಲೋಕಕ್ಕೇನು ಗೊತ್ತು? ನಮ್ಮ ರಾಜ್ಯದಲ್ಲಿ ಅದು ವರ್ಷಾ ವರ್ಷಾ ಬೀಳುತ್ತದೆ. ಹತ್ತನೇ ತರಗತಿಯ ಸಮಾಜ ವಿಜ್ಞಾನದ ಮೊದಲ ಪಾಠದಲ್ಲಿ ಒಮ್ಮೆ, ಕಿರುಪರೀಕ್ಷೆಯಲ್ಲಿ ಒಮ್ಮೆ, ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮತ್ತೊಮ್ಮೆ ಬಿದ್ದು, ಕಡೆಗೆ ಬೋರ್ಡ್ ಪರೀಕ್ಷೆಯಲ್ಲಿ ಮಕ್ಕಳ ಕೈಯಲ್ಲಿ ನೆಲಕಚ್ಚುತ್ತದೆ. ಎರಡನೇ ಮೆಹ್ಮದ್ ಸುಲ್ತಾನ 53 ದಿನ ಮುತ್ತಿಗೆ ಹಾಕಿ, ದೊಡ್ಡ ದೊಡ್ಡ ಫಿರಂಗಿ ತರಿಸಿ ಕಷ್ಟಪಟ್ಟು ಗೆದ್ದ ಊರು ಅದು. ನಮ್ಮ ಹುಡುಗರು ಆರು ನಿಮಿಷದಲ್ಲಿ ಗೆದ್ದು, ಕೆಳಗೊಂದು ಗೆರೆ ಎಳೆದು, ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಪ್ರಶ್ನೆ ನಿಮಗೂ ನೆನಪಿರಬೇಕು. ಭಾರತಕ್ಕೆ ಹೊಸ ಜಲಮಾರ್ಗ ಕಂಡುಹಿಡಿಯಲು ಕಾರಣಗಳೇನು? ಉತ್ತರವೂ ನೆನಪಿರಬೇಕು. ನೆನಪಿಲ್ಲದಿದ್ದರೆ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಸಿಗುವ ಯಾವ ಗೈಡ್ ತೆಗೆದರೂ ಸರಿ, ಮೊದಲ ಪುಟಗಳಲ್ಲೇ ದಪ್ಪಕ್ಷರದಲ್ಲಿ ಇದೆ. ಟರ್ಕರು ನಗರ ಹಿಡಿದರು. ವ್ಯಾಪಾರದ ದಾರಿಗಳೆಲ್ಲ ಅವರ ಕೈಗೆ ಹೋದವು. ತೆರಿಗೆ ಹೆಚ್ಚಿಸಿದರು. ವ್ಯಾಪಾರ ಗಿಟ್ಟದಾಯಿತು. ಇಟಲಿಯ ವರ್ತಕರ ಏಕಸ್ವಾಮ್ಯ ಮುರಿಯಬೇಕಿತ್ತು. ರಾಜರು ನಾವಿಕರಿಗೆ ಪ್ರೋತ್ಸಾಹ ಕೊಟ್ಟರು. ದಿಕ್ಸೂಚಿ ಇತ್ತು. ಸಿಡಿಮದ್ದು ಇತ್ತು. ಎಣಿಸಿ ನೋಡಿ, ಎಂಟಾಯಿತು. ಪಾಯಿಂಟಿಗೆ ಅರ್ಧ ಅಂಕದಂತೆ ನಾಲ್ಕಕ್ಕೆ ನಾಲ್ಕು.

ಮೌಲ್ಯಮಾಪನಕ್ಕೆ ಹೋಗುವ ನಾವೂ ಸುಲ್ತಾನನಿಗಿಂತ ಚುರುಕು. ಮೇಜಿನ ಮೇಲೆ ಕೀ ಉತ್ತರದ ಹಾಳೆ, ಕೈಯಲ್ಲಿ ಕೆಂಪು ಪೆನ್ನು. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಒಂದು ಫ್ಯಾನು, ಅದೂ ಮೂಲೆಯಲ್ಲಿ. ದಿನಕ್ಕೆ ಇಷ್ಟು ಬಂಡಲ್ ಮುಗಿಯಬೇಕು. ಇಂಥ ಹೊತ್ತಿನಲ್ಲಿ ವಾಕ್ಯ ಓದುವ ಮೂರ್ಖ ಯಾರು? ಪದ ಹುಡುಕುತ್ತೇವೆ. ‘ಟರ್ಕರು’, ಸಿಕ್ಕಿತು, ಅರ್ಧ. ‘ತೆರಿಗೆ’, ಇನ್ನರ್ಧ. ‘ದಿಕ್ಸೂಚಿ’, ಮತ್ತರ್ಧ. ಒಬ್ಬ ಹುಡುಗ ಒಮ್ಮೆ ‘ಟರ್ಕರು ಭಾರಿ ತೆರಿಗೆ ಕಟ್ಟಿದ್ದರಿಂದ ಅವರಿಗೆ ವ್ಯಾಪಾರ ಗಿಟ್ಟಲಿಲ್ಲ’ ಎಂದು ಬರೆದಿದ್ದ. ಪಾಪ ಟರ್ಕರು, ಊರು ಗೆದ್ದೂ ತೆರಿಗೆ ಅವರೇ ಕಟ್ಟಬೇಕಾಯಿತು. ಪಕ್ಕದ ಮೇಷ್ಟ್ರು ಅದಕ್ಕೆ ಅರ್ಧ ಅಂಕ ಕೊಟ್ಟು ಹಾಳೆ ಮಗುಚಿದರು. “ತೆರಿಗೆ ಇದೆಯಲ್ಲ ಸಾರ್?” ಎಂದರು. ಇದೆ, ನಿಜ. ಯಾರು ಯಾರಿಗೆ ಕಟ್ಟಿದರು ಎಂಬ ಸಣ್ಣ ವಿವರಕ್ಕೆ ಕೀ ಹಾಳೆಯಲ್ಲಿ ಅಂಕವಿಲ್ಲ.

ಈಗ ಕೆಲವರಿಗೆ ಹೊಸ ಚಪಲ ಹತ್ತಿದೆ. ಮಗು ಉರು ಹೊಡೆದು ಬರೆಯಿತೋ, ತಿಳಿದು ಬರೆಯಿತೋ ಎಂದು ಪತ್ತೆ ಮಾಡಬೇಕಂತೆ. ತರಬೇತಿಗಳಲ್ಲಿ ಇದಕ್ಕೆಂದೇ ಒಂದು ಅವಧಿ ಇರುತ್ತದೆ, ಊಟದ ನಂತರದ ಅವಧಿ. ಅಲ್ಲಿ ಹೇಳಿಕೊಡುವ ಗುರುತುಗಳು ಎರಡು. ಸ್ವಂತ ವಾಕ್ಯದಲ್ಲಿ ಬರೆದಿದ್ದರೆ ತಿಳಿದಿದೆ ಎಂದರ್ಥ, ಗೈಡ್ ವಾಕ್ಯವೇ ಇದ್ದರೆ ತಿಳಿದಿಲ್ಲ ಎಂದರ್ಥ. ಇಷ್ಟು ಸುಲಭವಾಗಿದ್ದರೆ ಪತ್ತೇದಾರರು ಬೇಕಿರಲಿಲ್ಲ.

ಮೊದಲನೆಯ ಗುರುತಿಗೆ ಗೈಡ್ ಛಾಪಿಸುವವರು ಆಗಲೇ ಮದ್ದು ಅರೆದಿದ್ದಾರೆ. ‘ಸ್ವಂತ ವಾಕ್ಯದಲ್ಲಿ ಬರೆಯಲು ಮಾದರಿ ಉತ್ತರ’ ಎಂಬುದೂ ಟ್ಯೂಷನ್ ನೋಟ್ಸಿನಲ್ಲಿ ಬಂದಿದೆ, ಮಕ್ಕಳು ಅದನ್ನೂ ಉರು ಹೊಡೆಯುತ್ತಾರೆ. ಒಂದೇ ಟ್ಯೂಷನ್ನಿನ ಮೂವತ್ತು ಮಕ್ಕಳು ಒಂದೇ ಸ್ವಂತ ವಾಕ್ಯವನ್ನು ಬರೆದು ಕಳಿಸುತ್ತಾರೆ. ‘ಇತಿಹಾಸದ ಪುಟಗಳಲ್ಲಿ ಸುವರ್ಣಾಕ್ಷರಗಳಲ್ಲಿ ಬರೆದಿಡಬೇಕಾದ ಘಟನೆಯಿದು’ ಎಂದು ಆರಂಭಿಸುವ ಉತ್ತರ ಕಂಡರೆ ಕೆಲವು ಮೌಲ್ಯಮಾಪಕರ ಕಣ್ಣಲ್ಲಿ ನೀರೇ ಬರುತ್ತದೆ. ಎರಡನೆಯ ಗುರುತು ಇನ್ನೂ ಅನ್ಯಾಯದ್ದು. ಮನೆಯಲ್ಲಿ ಬೇರೆ ಭಾಷೆ ಆಡಿ ಶಾಲೆಯಲ್ಲಿ ಕನ್ನಡ ಕಲಿತ ಮಗು ಗೈಡಿನ ವಾಕ್ಯವನ್ನೇ ಹಿಡಿದುಕೊಳ್ಳುತ್ತದೆ, ಏಕೆಂದರೆ ತಪ್ಪಿಲ್ಲದ ವಾಕ್ಯವೆಂದರೆ ಅದೊಂದೇ. ಅದರ ತಲೆಯಲ್ಲಿ ವಿಷಯ ಸರಿಯಾಗಿಯೇ ಕೂತಿರಬಹುದು. ಉತ್ತರದ ಭಾಷೆ ನೋಡಿ ತಿಳಿವಳಿಕೆ ಅಳೆಯುವವರು ಕನ್ನಡ ಪತ್ರಿಕೆ ತಿದ್ದಲು ಹೋಗುವುದು ಒಳ್ಳೆಯದು.

ಕಾಗುಣಿತವನ್ನೂ ನಂಬಬೇಡಿ. ‘ಕಾನ್‌ಸ್ಟೇಬಲ್ ನೋಪಲ್’ ಎಂದು ಬರೆದವನಿಗೆ ವಿಷಯ ಗೊತ್ತಿಲ್ಲ ಎಂದು ಹೇಳಲಾಗದು. ಆ ಊರಿನ ಹೆಸರನ್ನು ಸರಿಯಾಗಿ ಬರೆಯುವುದೇ ಒಂದು ಸಣ್ಣ ಮುತ್ತಿಗೆ.

ಹಾಗಾದರೆ ನಂಬುವುದು ಯಾವುದನ್ನು? ನನ್ನ ಅನುಭವದಲ್ಲಿ ಕೈಕೊಡದ ಉಪಾಯ ಒಂದಿದೆ, ಖರ್ಚಿಲ್ಲದ್ದು. ಉತ್ತರದ ಎಂಟು ಪಾಯಿಂಟುಗಳನ್ನು ಎಂಟು ಚೀಟಿಯಲ್ಲಿ ಬರೆದು, ಇಸ್ಪೀಟಿನ ಎಲೆ ಕಲಸಿದಂತೆ ಕಲಸಿ, ಮತ್ತೆ ಸಾಲಾಗಿ ಜೋಡಿಸಿ ಓದಿ. ಉತ್ತರಕ್ಕೆ ಏನೂ ಆಗದಿದ್ದರೆ ಅದು ಗೈಡಿನದು. ಸಿಡಿಮದ್ದು ಮೊದಲು ಬರಲಿ, ಟರ್ಕರು ಕಡೆಗೆ ಬರಲಿ, ಇಟಲಿಯವರು ನಡುವೆ ತೂರಲಿ, ಯಾರಿಗೂ ಏನೂ ಅನಿಸುವುದಿಲ್ಲ. ಯಾಕೆಂದರೆ ಒಂದು ಪಾಯಿಂಟಿಗೂ ಇನ್ನೊಂದಕ್ಕೂ ಮಾತುಕತೆಯೇ ಇಲ್ಲ. ತಿಳಿದು ಬರೆದದ್ದನ್ನು ಹೀಗೆ ಕಲಸಲು ಆಗುವುದಿಲ್ಲ. ಅಲ್ಲಿ ಎರಡನೆಯ ಮಾತು ‘ಹೀಗಾಗಿ’ ಎಂದು ಶುರುವಾಗುತ್ತದೆ, ಮೂರನೆಯದು ‘ಆದರೆ’ ಎನ್ನುತ್ತದೆ, ನಾಲ್ಕನೆಯದು ‘ಇವರಿಗಲ್ಲ, ಅವರಿಗೆ’ ಎಂದು ಜಗಳಕ್ಕೆ ನಿಲ್ಲುತ್ತದೆ. ಚೀಟಿ ಅದಲುಬದಲಾದರೆ ‘ಹೀಗಾಗಿ’ ಎಂಬುದು ಯಾವುದರಿಂದಾಗಿ ಎಂದು ತಿಳಿಯದೆ ಒದ್ದಾಡುತ್ತದೆ.

ಎರಡು ಪಾಯಿಂಟು ತೆಗೆದುಕೊಂಡು ನೋಡಿ. ಟರ್ಕರು ದಾರಿ ಹಿಡಿದರು ಎನ್ನುವುದು ಒಂದು. ಇಟಲಿಯ ವರ್ತಕರ ಏಕಸ್ವಾಮ್ಯ ಮುರಿಯಬೇಕಿತ್ತು ಎನ್ನುವುದು ಇನ್ನೊಂದು. ಗೈಡಿನಲ್ಲಿ ಇವೆರಡೂ ಒಂದರ ಕೆಳಗೊಂದು ಅಣ್ಣತಮ್ಮಂದಿರ ಹಾಗೆ ಕೂತಿವೆ. ನಿಜಕ್ಕೂ ಅವು ಪರಸ್ಪರ ಜಗಳದಲ್ಲಿವೆ. ಟರ್ಕರು ದಾರಿ ಮುಚ್ಚಿದ್ದರೆ ವೆನಿಸ್‌ನವರ ಏಕಸ್ವಾಮ್ಯ ತಾನಾಗಿಯೇ ಮುರಿಯಬೇಕಿತ್ತು, ಅದನ್ನು ಮುರಿಯಲು ಪೋರ್ಚುಗೀಸರು ಆಫ್ರಿಕಾ ಸುತ್ತಿಕೊಂಡು ಬರಬೇಕಿರಲಿಲ್ಲ. ಏಕಸ್ವಾಮ್ಯ ಇನ್ನೂ ಗಟ್ಟಿಯಾಗಿತ್ತು ಎಂದರೆ ದಾರಿ ಮುಚ್ಚಿರಲಿಲ್ಲ. ಇಷ್ಟೂ ವರ್ಷ ಈ ಎರಡಕ್ಕೂ ಅರ್ಧರ್ಧ ಅಂಕ ಕೊಟ್ಟು ರಾಜಿ ಮಾಡಿಸಿದ್ದೇವೆ.

ಗೈಡಿನಲ್ಲಿ ಇಸವಿಗಳು ಇರುತ್ತವೆ, ಆದರೆ ಅವುಗಳಿಗೆ ಹಿಂದುಮುಂದಿಲ್ಲ. 1453, 1498, ಅಷ್ಟೇ. ನಲವತ್ತೈದು ವರ್ಷದ ಅಂತರ. ದಾರಿ ಮುಚ್ಚಿದ ಮೇಲೆ ನಲವತ್ತೈದು ವರ್ಷ ಯುರೋಪಿನವರು ಮೆಣಸಿಲ್ಲದೆ ಸಪ್ಪೆ ಸಾರು ಕುಡಿದು ಕೂತಿದ್ದರೇ ಎಂದು ಯಾವ ಮಗುವೂ ಕೇಳುವುದಿಲ್ಲ, ಯಾವ ಮೇಷ್ಟ್ರೂ ಕೇಳಿಸಿಕೊಳ್ಳುವುದಿಲ್ಲ. ಆ ಎರಡು ಇಸವಿಗಳ ಆಚೀಚೆ ಇನ್ನು ಕೆಲವನ್ನು ಇಟ್ಟರೆ ಎಂಟು ಪಾಯಿಂಟಿನ ಕೋಟೆ ಅಲುಗಾಡತೊಡಗುತ್ತದೆ.

ಪೋರ್ಚುಗೀಸರು ಆಫ್ರಿಕಾದ ಉತ್ತರ ದಡದ ಸಿಯುಟಾ ಪಟ್ಟಣವನ್ನು ಹಿಡಿದದ್ದು 1415ರಲ್ಲಿ. ಗಿಲ್ ಎಯಾನಿಸ್ ಎಂಬ ನಾವಿಕ ಆಫ್ರಿಕಾದ ಪಶ್ಚಿಮ ದಡದಲ್ಲಿ ಬೊಹಡೋರ್ ಭೂಶಿರ ದಾಟಿ ದಕ್ಷಿಣಕ್ಕೆ ಹೋದದ್ದು 1434ರಲ್ಲಿ. ಅಂದರೆ ಕಾನ್‌ಸ್ಟಾಂಟಿನೋಪಲ್ ಇನ್ನೂ ಗಟ್ಟಿಯಾಗಿ ನಿಂತಿರುವಾಗಲೇ ಪೋರ್ಚುಗೀಸರು ಹೊರಟಾಗಿತ್ತು. ಮುಂದೆ 19 ವರ್ಷಕ್ಕೆ ಬೀಳಲಿರುವ ನಗರಕ್ಕಾಗಿ ಮೊದಲೇ ಸಿಟ್ಟಾಗಿ ಹಡಗು ಹತ್ತಿದರು ಎನ್ನಬೇಕು. ಅವರಿಗೆ ಬೇಕಿದ್ದದ್ದು ಪಶ್ಚಿಮ ಆಫ್ರಿಕಾದ ಚಿನ್ನ, ಗುಲಾಮರು, ಮುಸ್ಲಿಂ ರಾಜ್ಯಗಳ ಬೆನ್ನ ಹಿಂದೆ ಎಲ್ಲೋ ಇದ್ದಾನೆಂದು ನಂಬಿದ್ದ ಒಬ್ಬ ಕ್ರೈಸ್ತ ರಾಜನ ಸ್ನೇಹ. ಭಾರತದ ಮೆಣಸು ಆ ಪಟ್ಟಿಗೆ ಸೇರಿಕೊಂಡದ್ದು ಆಮೇಲೆ. ಬಾರ್ತೊಲೊಮೆಯು ದಿಯಾಸ್ ಆಫ್ರಿಕಾದ ದಕ್ಷಿಣ ತುದಿ ಸುತ್ತಿದ್ದು 1488ರಲ್ಲಿ. ಅದಾಗಿ ಹತ್ತು ವರ್ಷಕ್ಕೆ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ.

ಇನ್ನು ಮುಚ್ಚಿದ ದಾರಿಯ ಕಥೆ. ನಮ್ಮ ಮಲಬಾರಿನ ಮೆಣಸು ವೆನಿಸ್‌ಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಕಾನ್‌ಸ್ಟಾಂಟಿನೋಪಲ್ ಮೇಲೆ ಅಲ್ಲವೇ ಅಲ್ಲ. ಅರಬ್ಬಿ ಸಮುದ್ರ ದಾಟಿ, ಕೆಂಪು ಸಮುದ್ರ ಹಿಡಿದು, ಈಜಿಪ್ಟಿನ ಅಲೆಕ್ಸಾಂಡ್ರಿಯ ಬಂದರಿಗೆ. ಸ್ವಲ್ಪ ಭಾಗ ಸಿರಿಯಾ ಕಡೆಯಿಂದ ಬೈರೂತ್‌ಗೆ. ಆ ದೇಶಗಳೆರಡೂ ಆಗ ಮಾಮ್ಲೂಕ್ ಸುಲ್ತಾನರವು, ಆಟೋಮನ್ ಟರ್ಕರವಲ್ಲ. ಆಟೋಮನ್ನರು ಈಜಿಪ್ಟ್ ಗೆದ್ದದ್ದು 1517ರಲ್ಲಿ. ಅಷ್ಟರಲ್ಲಿ ಗಾಮ ಬಂದು 19 ವರ್ಷವಾಗಿ, ಗೋವೆ ಪೋರ್ಚುಗೀಸರ ಕೈ ಸೇರಿಯೂ ಏಳು ವರ್ಷವಾಗಿತ್ತು. ಅಂದರೆ ಟರ್ಕರು ಮುಚ್ಚಿದರೆನ್ನುವ ಬಾಗಿಲ ಬೀಗದಕೈ ಟರ್ಕರ ಬಳಿ ಇರಲೇ ಇಲ್ಲ. ತೆರಿಗೆಯ ಕಾಟ ಇದ್ದದ್ದು ನಿಜ, ಆದರೆ ಮೆಣಸನ್ನು ತಾನೊಬ್ಬನೇ ಮಾರುತ್ತೇನೆಂದು ಹಟ ಹಿಡಿದು ವೆನಿಸ್‌ನವರ ರಕ್ತ ಹೀರಿದವನು ಈಜಿಪ್ಟಿನ ಬರ್ಸ್‌ಬೇ ಸುಲ್ತಾನ. ಅವನು ಸತ್ತದ್ದು 1438ರಲ್ಲಿ, ಗೈಡಿನ ಇತಿಹಾಸ ಶುರುವಾಗುವ 15 ವರ್ಷ ಮೊದಲು. ವೆನಿಸ್‌ನವರಂತೂ ನಗರ ಬಿದ್ದ ಮರುವರ್ಷವೇ, 1454ರಲ್ಲಿ, ಅದೇ ಮೆಹ್ಮದ್ ಸುಲ್ತಾನನ ಜೊತೆ ಕರಾರು ಮಾಡಿಕೊಂಡು ಮತ್ತೆ ಅಂಗಡಿ ತೆರೆದರು. ಇನ್ನೂ ತಮಾಷೆ ಎಂದರೆ, ಈಜಿಪ್ಟ್ ನಿಜವಾಗಿ ಆಟೋಮನ್ನರ ಕೈಗೆ ಬಂದು ಕೆಲವು ದಶಕಗಳಾದ ಮೇಲೆ, 16ನೇ ಶತಮಾನದ ನಡುವಿನಲ್ಲಿ, ಕೆಂಪು ಸಮುದ್ರದ ಮೆಣಸಿನ ವ್ಯಾಪಾರ ಮತ್ತೆ ಚಿಗುರಿತು. ಟರ್ಕರಿಗೆ ದಾರಿ ಮುಚ್ಚಿ ಏನಾಗಬೇಕಿತ್ತು? ಸರಕು ಹೋದರೆ ತಾನೇ ಸುಂಕ ಬರುವುದು.

ಇದೆಲ್ಲ ಮೊನ್ನೆ ಮೊನ್ನೆ ಕಂಡುಕೊಂಡದ್ದಲ್ಲ. ಲೈಬಯರ್ ಎಂಬ ಅಮೆರಿಕದ ಇತಿಹಾಸಕಾರ ಟರ್ಕರು ದಾರಿ ಮುಚ್ಚಿದರೆಂಬ ಕಥೆಯನ್ನೇ ಹಿಡಿದು ಜಾಲಾಡಿ ಲೇಖನ ಪ್ರಕಟಿಸಿದ್ದು 1915ರಲ್ಲಿ. ನೂರು ವರ್ಷ ದಾಟಿತು. ಗೈಡಿನ ಹೊಸ ಪರಿಷ್ಕೃತ ಆವೃತ್ತಿಗಳು ಅದಾದ ಮೇಲೆ ಎಷ್ಟೋ ಬಂದವು. ಪರಿಷ್ಕಾರವಾದದ್ದು ಬೆಲೆ.

ಹಾಗೆಂದು 1453 ಬರೀ ಬೂಟಾಟಿಕೆ ಎಂದು ನಾನು ಹೇಳುತ್ತಿಲ್ಲ, ಅದೂ ಇನ್ನೊಂದು ಗೈಡಿನ ಉತ್ತರವಾಗಿಬಿಡುತ್ತದೆ. ನಗರ ಬಿದ್ದದ್ದರಿಂದ ಪೆಟ್ಟು ತಿಂದವರು ಇದ್ದರು. ಜಿನೋವಾದವರಿಗೆ ಕಪ್ಪು ಸಮುದ್ರದ ದಡದಲ್ಲಿ ದೊಡ್ಡ ವ್ಯಾಪಾರ ಕೋಠಿಗಳಿದ್ದವು, ಅಲ್ಲಿಗೆ ಹೋಗುವ ಜಲಸಂಧಿ ಟರ್ಕರ ಪಾಲಾಯಿತು, ಕಾಫಾ ಎಂಬ ಮುಖ್ಯ ಪಟ್ಟಣ 1475ರಲ್ಲಿ ಕೈಬಿಟ್ಟಿತು. ಪೂರ್ವದಲ್ಲಿ ನೆಲೆ ತಪ್ಪಿದ ಜಿನೋವಾದ ಹಣ ಮತ್ತು ನಾವಿಕರು ಪಶ್ಚಿಮಕ್ಕೆ, ಸ್ಪೇನ್ ಪೋರ್ಚುಗಲ್ ಕಡೆಗೆ ಹೆಚ್ಚು ಹೆಚ್ಚು ಹರಿದರು. ಕೊಲಂಬಸ್ ಜಿನೋವಾದವನೇ. ವೆನಿಸ್ ಕೂಡ 1463ರಿಂದ 1479ರವರೆಗೆ ಟರ್ಕರ ಜೊತೆ ಯುದ್ಧ ಮಾಡಿ ಸೋತಿತು. ಹೀಗೆ ಆ ನಗರದ ಪತನಕ್ಕೂ ಹೊಸ ಜಲಮಾರ್ಗಕ್ಕೂ ನಂಟು ಇದೆ, ಆದರೆ ಅದು ಸುತ್ತುಬಳಸಿನ ನಂಟು. ‘ಟರ್ಕರು ಹಿಡಿದರು, ಗಾಮ ಹೊರಟ’ ಎಂಬಷ್ಟು ಸಲೀಸಲ್ಲ. ಸುತ್ತುಬಳಸಿಗೆ ನಮ್ಮಲ್ಲಿ ಅಂಕವಿಲ್ಲ.

ಮಾತಿಗೆ ಎರಡು ಉತ್ತರ ಇಟ್ಟುಕೊಳ್ಳೋಣ. ಮೊದಲನೆಯದು ಎಂಟು ಪಾಯಿಂಟಿನದು. ಶೀರ್ಷಿಕೆಗೆ ಕಪ್ಪು ಪೆನ್ನು, ಉತ್ತರಕ್ಕೆ ನೀಲಿ, ಪ್ರತಿ ಪಾಯಿಂಟಿನ ಕೆಳಗೆ ಸ್ಕೇಲಿನಿಂದ ಗೆರೆ. ನೋಡಿದರೆ ಕೈಮುಗಿಯಬೇಕು ಅನಿಸುವಂಥದ್ದು. ಆರನೇ ಪಾಯಿಂಟಿನಲ್ಲಿ ಹುಡುಗಿ ಒಂದು ಸಾಲು ಮರೆತಿದ್ದಾಳೆ, ಹಿಂದಿನ ಸಾಲಿನ ತಲೆ ಮುಂದಿನ ಸಾಲಿನ ಬಾಲಕ್ಕೆ ಅಂಟಿಕೊಂಡಿದೆ. ‘ಇಟಲಿಯ ವರ್ತಕರು ದಿಕ್ಸೂಚಿಯ ಮೇಲೆ ಏಕಸ್ವಾಮ್ಯ ಹೊಂದಿದ್ದರು’ ಎಂದಾಗಿದೆ. ಇದು ಉರು ಹೊಡೆದದ್ದಕ್ಕೆ ಬಲವಾದ ಸಾಕ್ಷಿ. ಉರು ಹೊಡೆದವರು ತಪ್ಪುವುದೇ ಹೀಗೆ. ವಾಕ್ಯ ವ್ಯಾಕರಣಬದ್ಧವಾಗಿರುತ್ತದೆ, ಅರ್ಥ ಮಾತ್ರ ಮನೆ ಬಿಟ್ಟು ಹೋಗಿರುತ್ತದೆ, ಬರೆದವರಿಗೆ ಅದು ಗೊತ್ತೇ ಆಗುವುದಿಲ್ಲ. ತಿಳಿದವರೂ ತಪ್ಪುತ್ತಾರೆ, ಆದರೆ ಬೇರೆ ಥರ. ಇಸವಿ ತಪ್ಪುತ್ತಾರೆ, ಹೆಸರು ತಪ್ಪುತ್ತಾರೆ. ಯಾವುದು ಮೊದಲು ಯಾವುದು ಆಮೇಲೆ, ನಷ್ಟ ಯಾರಿಗೆ ಲಾಭ ಯಾರಿಗೆ ಎನ್ನುವುದನ್ನು ಮಾತ್ರ ತಪ್ಪುವುದಿಲ್ಲ.

ಎರಡನೆಯ ಉತ್ತರ ಅಂಥದ್ದು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಈಜಿಪ್ಟನ್ನು ಟರ್ಕರು ಹಿಡಿದದ್ದು 1520 ಎಂದು ಬರೆದಿದ್ದಾನೆ, ಮೂರು ವರ್ಷ ತಪ್ಪು. ಆದರೆ ಮುಂದಿನ ಮಾತು, ಗಾಮ ಅದಕ್ಕೆ ಮೊದಲೇ ಬಂದುಬಿಟ್ಟಿದ್ದ, ಆದ್ದರಿಂದ ದಾರಿ ಮುಚ್ಚಿದ್ದಕ್ಕೇ ಬಂದ ಎನ್ನಲಾಗದು, ವೆನಿಸ್‌ನವರು ದುಬಾರಿಗೆ ಮಾರುತ್ತಿದ್ದರು, ಪೋರ್ಚುಗೀಸರಿಗೆ ನೇರ ಕೊಳ್ಳಬೇಕಿತ್ತು ಎಂದು. ಎಂಟು ಪಾಯಿಂಟಿಲ್ಲ, ಮೂರೇ ವಾಕ್ಯ, ಒಂದರ ಬಾಲ ಒಂದು ಹಿಡಿದಿದೆ. ಚೀಟಿ ಮಾಡಿ ಕಲಸಿ ನೋಡಿ, ಕಲಸಲಾಗದು.

ಕೀ ಹಾಳೆ ಹಿಡಿದು ತಿದ್ದಿದರೆ ಮೊದಲನೆಯದಕ್ಕೆ ಮೂರೂವರೆ ಬರುತ್ತದೆ, ದಿಕ್ಸೂಚಿಯ ಏಕಸ್ವಾಮ್ಯವನ್ನು ಗಮನಿಸಿದರೆ ಮೂರು. ಯಾರೂ ಗಮನಿಸುವುದಿಲ್ಲ. ಎರಡನೆಯದಕ್ಕೆ ಒಂದು, ‘ಟರ್ಕರು’ ಮತ್ತು ‘ವೆನಿಸ್’ ಎಂಬ ಎರಡು ಪದಕ್ಕೆ. ಉಪ ಮುಖ್ಯ ಮೌಲ್ಯಮಾಪಕರ ಹತ್ತಿರ ಒಯ್ದರೆ ಏನು ಹೇಳುತ್ತಾರೆ ಎಂಬುದೂ ಗೊತ್ತಿರುವ ಸಂಗತಿ. “ಉತ್ತರ ಚೆನ್ನಾಗಿದೆ ಮೇಷ್ಟ್ರೇ, ಆದ್ರೆ ಕೀಲಿ ಈಜಿಪ್ಟ್ ಇಲ್ವಲ್ಲ.” ಟರ್ಕರಿಗೆ ಈಜಿಪ್ಟ್ ಗೆಲ್ಲಲು 1517ರವರೆಗೆ ಕಾಯಬೇಕಾಯಿತು. ನಮ್ಮ ಕೀ ಹಾಳೆ ಇನ್ನೂ ಗೆದ್ದಿಲ್ಲ.

ಬರವಣಿಗೆಯಲ್ಲಿ ಎಷ್ಟೇ ಹುಡುಕಿದರೂ ಒಂದು ಅನುಮಾನ ಉಳಿದೇ ಉಳಿಯುತ್ತದೆ. ಆ ಎರಡನೆಯ ಉತ್ತರವನ್ನೇ ಯಾರೋ ಟ್ಯೂಷನ್ ಮೇಷ್ಟ್ರು ಹೇಳಿಕೊಟ್ಟಿದ್ದರೆ? ‘ಹೀಗಾಗಿ’, ‘ಆದರೆ’ಗಳ ಸಮೇತ ಉರು ಹೊಡೆದಿದ್ದರೆ? ಒಂದು ಉತ್ತರದಿಂದ ಇದು ತೀರ್ಮಾನವಾಗದು. ಎರಡನೆಯ ಪ್ರಶ್ನೆ ಬೇಕು, ಅದೂ ಅಲ್ಲೇ, ಆ ಕ್ಷಣಕ್ಕೆ, ಗೈಡಿನ ಅಂಚಿನಿಂದ ಆಚೆಗೆ ಒಂದೇ ಹೆಜ್ಜೆ ಇಡುವಂಥದ್ದು. ತುಂಬ ದೂರದ ಪ್ರಶ್ನೆ ಕೇಳಿದರೆ ತಿಳಿದವನೂ ತಬ್ಬಿಬ್ಬಾಗುತ್ತಾನೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಅವನು ಬರೆದ ಸಂಗತಿಗಳಿಂದಲೇ ಉತ್ತರ ಹುಟ್ಟಬೇಕು, ಆದರೆ ಆ ಉತ್ತರ ಎಲ್ಲೂ ಅಚ್ಚಾಗಿರಬಾರದು.

ನಾನು ತರಗತಿಯಲ್ಲಿ ಕೇಳುವುದು ಇದು. ಎಂಟೂ ಪಾಯಿಂಟು ಒಂದುಸಿರಿಗೆ ಒಪ್ಪಿಸಿದ ಹುಡುಗಿಯನ್ನು ನಿಲ್ಲಿಸಿ, “ಟರ್ಕರು ದಾರಿ ಮುಚ್ಚಿದ್ರೆ ಹೆಚ್ಚು ನಷ್ಟ ಯಾರಿಗಮ್ಮಾ?” ಎಂದೆ.

“ವೆನಿಸ್‌ನೋರಿಗೆ ಸಾರ್.”

“ಹಂಗಾದ್ರೆ ಹೊಸ ದಾರಿ ಹುಡುಕ್ಬೇಕಾದೋರು ಯಾರು?”

“ವೆನಿಸ್‌ನೋರು ಸಾರ್.”

“ಹುಡುಕಿದೋರು?”

“ಪೋರ್ಚುಗೀಸ್ರು.” ಅಲ್ಲಿಗೆ ನಿಂತಳು. ಎಂಟು ಪಾಯಿಂಟುಗಳನ್ನು ಮನಸ್ಸಿನಲ್ಲೇ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದ್ದು ಮುಖದಲ್ಲೇ ಕಾಣುತ್ತಿತ್ತು. ಒಂಬತ್ತನೆಯದು ಇರಲಿಲ್ಲ. ಜಾಣ ಹುಡುಗಿ, ಸುಮ್ಮನೆ ಏನೋ ಹೇಳಿ ತಪ್ಪಿಸಿಕೊಳ್ಳಲಿಲ್ಲ, ಅದಕ್ಕೆ ಬೇಕಾದರೆ ನಾನು ಅಂಕ ಕೊಟ್ಟೇನು.

ಕೊನೇ ಬೆಂಚಿನಿಂದ ಒಂದು ಸ್ವರ ಬಂತು. ಮನೆಯಲ್ಲಿ ಒಂದೆಕರೆ ಅಡಿಕೆ ತೋಟ ಇರುವ ಹುಡುಗ, ಸಮಾಜ ವಿಜ್ಞಾನದಲ್ಲಿ ಮೂವತ್ತು ದಾಟುವುದೇ ಕಷ್ಟ. “ಸಾರ್, ಮಂಡಿ ಸಾವ್ಕಾರ್ರು ಯಾಕ್ ಹೊಸ ದಾರಿ ಹುಡುಕ್ತಾರೆ? ಅವ್ರಿಗೆ ಹಳೇ ದಾರೀಲೇ ದುಡ್ಡು ಬರ್ತಿತ್ತಲ್ಲ. ಹುಡುಕೋರು ಮಂಡಿಗೆ ಕಮಿಷನ್ ಕೊಟ್ಟೂ ಕೊಟ್ಟೂ ಸಾಕಾದೋರು.”

“ಅಲ್ವೋ, ಟರ್ಕರು ಮುಚ್ಚಿದ್ರಲ್ಲ?”

“ಮುಚ್ಚಿದ್ರೆ ಮಂಡಿ ಬಾಗ್ಲೂ ಮುಚ್ಬೇಕಿತ್ತು ಸಾರ್. ಮಂಡಿ ನಡೀತಿತ್ತು ಅಂದ್ಮೇಲೆ ಎಲ್ಲಿ ಮುಚ್ಚಿದ್ರು?”

ಲೈಬಯರ್ ಸಾಹೇಬರು ಎಷ್ಟೋ ಪುಟ ಬರೆದು ಹೇಳಿದ್ದನ್ನು ಇವನು ಮಂಡಿಯ ಕಟ್ಟೆ ಮೇಲೆ ಕೂತು ಹೇಳಿಬಿಟ್ಟ. ಅದೇ ಹುಡುಗನಿಗೆ ಅದೇ ಪ್ರಶ್ನೆಗೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬಂದದ್ದು ಒಂದು ಅಂಕ, ಪಾಯಿಂಟು ನೆನಪಿರಲಿಲ್ಲವಂತೆ. ಅವನಿಗೆ ಈಗ ‘ಪಾಸಿಂಗ್ ಪ್ಯಾಕೇಜ್’ ಕೊಟ್ಟು ಸಂಜೆ ವಿಶೇಷ ತರಗತಿಯಲ್ಲಿ ಎಂಟು ಪಾಯಿಂಟು ಉರು ಹೊಡೆಸಲಾಗುತ್ತಿದೆ. ಬೇಗ ಮರೆಯುತ್ತಾನೆ, ಅಂದರೆ ಮಂಡಿಯನ್ನಲ್ಲ, ಪಾಯಿಂಟನ್ನು. ಇನ್ನೆರಡು ತಿಂಗಳು ಹಟ ಹಿಡಿದು ಉರು ಹೊಡೆಸಿದರೆ ಮಂಡಿಯನ್ನೂ ಮರೆತು ಪಾಸಾಗಬಹುದು ಎಂಬ ಭರವಸೆ ಇದೆ.

ಗಾಮನ ಕಡೆಯವರು ಕಲ್ಲಿಕೋಟೆಯಲ್ಲಿ ದಡ ಹತ್ತಿದಾಗ ಅವರಿಗೆ ಮೊದಲು ಸಿಕ್ಕವರಲ್ಲಿ ಇಬ್ಬರು ಟ್ಯುನಿಸ್‌ನ ವರ್ತಕರು. ಅವರಿಗೆ ಸ್ಪೇನಿನ ಭಾಷೆಯೂ ಜಿನೋವಾದ ಭಾಷೆಯೂ ಬರುತ್ತಿತ್ತು. ಗಾಮನ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿಯಲ್ಲಿ ಇದು ದಾಖಲಾಗಿದೆ. ಯೋಚಿಸಿ ನೋಡಿ, ಮೆಡಿಟರೇನಿಯನ್ ದಡದವರು ಹಳೆಯ ದಾರಿಯಲ್ಲೇ ಗಾಮನಿಗಿಂತ ಮೊದಲು ಕಲ್ಲಿಕೋಟೆಗೆ ಬಂದು ಕೂತಿದ್ದರು. ಮುಚ್ಚಿದ ದಾರಿಯಲ್ಲಿ ಬಂದವರು ಇವನನ್ನು ಸ್ವಾಗತಿಸಿದರು! ಸಾಮೂದಿರಿಗೆ ಕೊಡಲೆಂದು ಗಾಮ ತಂದ ಟೋಪಿ, ಹವಳದ ಸರ, ಕೈ ತೊಳೆಯುವ ಬೋಗುಣಿಗಳನ್ನು ನೋಡಿ ಅರಮನೆಯವರು ನಕ್ಕರು, ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದರು. ಹಳೆಯ ದಾರಿ ಅಷ್ಟು ಜೋರಾಗಿ ನಡೆಯುತ್ತಿತ್ತು. ವಾಪಸು ಹೋಗುವಾಗ ಗಾಮ ತಂಗಿದ್ದು ನಮ್ಮ ಕಾರವಾರದ ಕಣ್ಣಳತೆಯಲ್ಲೇ ಇರುವ ಅಂಜುದೀವ್ ದ್ವೀಪದಲ್ಲಿ. ಕಾರವಾರದ ಹುಡುಗರು ಬೋಸ್ಫರಸ್ ಜಲಸಂಧಿಯ ಹೆಸರು ಉರು ಹೊಡೆಯುತ್ತಾರೆ, ಕಡಲಿಗೆ ಮುಖ ಮಾಡಿ ನಿಂತರೆ ಕಾಣುವ ದ್ವೀಪ ಸಿಲಬಸ್ಸಿನಲ್ಲಿಲ್ಲ.

ಪ್ರಶ್ನೆಪತ್ರಿಕೆ ತಯಾರಿಸುವವರು ಮನಸ್ಸು ಮಾಡಿದರೆ ಇದನ್ನು ಸ್ವಲ್ಪ ಸರಿಮಾಡಬಹುದು. ‘ಹೊಸ ದಾರಿಯನ್ನು ವೆನಿಸ್‌ನವರು ಹುಡುಕದೆ ಪೋರ್ಚುಗೀಸರು ಹುಡುಕಿದ್ದೇಕೆ?’ ಎಂದು ಕೇಳಿದರೆ ಸಾಕು. ಪಠ್ಯದಲ್ಲಿರುವ ಸಂಗತಿಗಳೇ, ಹೊಸದೇನೂ ಬೇಡ. ಮೊದಲ ವರ್ಷ ಗಲಾಟೆಯಾಗುತ್ತದೆ. ಸಿಲಬಸ್ಸಿನಾಚೆಯ ಪ್ರಶ್ನೆ ಎಂದು ಪೋಷಕರು ಗ್ರೇಸ್ ಅಂಕ ಕೇಳುತ್ತಾರೆ, ಟೀವಿಯವರು ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಅಳುವ ಮಕ್ಕಳನ್ನು ಹುಡುಕುತ್ತಾರೆ. ಎರಡನೆಯ ವರ್ಷಕ್ಕೆ ಗೈಡಿನಲ್ಲಿ ಅದಕ್ಕೂ ಎಂಟು ಪಾಯಿಂಟು ಬಂದಿರುತ್ತದೆ. ಹಾಗಾಗಿ ಒಳ್ಳೆಯ ಪ್ರಶ್ನೆಯ ಆಯುಸ್ಸು ಒಂದು ವರ್ಷ, ಮರುವರ್ಷ ಅದನ್ನು ಬದಲಿಸಲೇಬೇಕು. ಗೈಡಿನವರು ಪ್ರತಿವರ್ಷ ಹೊಸ ಆವೃತ್ತಿ ತರಲು ಪಡುವ ಶ್ರಮದಲ್ಲಿ ಅರ್ಧವನ್ನು ನಾವೂ ಪಟ್ಟರೆ ತಪ್ಪೇನಿಲ್ಲ.

ಅಲ್ಲಿಯವರೆಗೆ ಕೀ ಉತ್ತರ ಬರೆಯುವವರಲ್ಲಿ ನನ್ನದೊಂದೇ ಬೇಡಿಕೆ. ಎಂಟು ಪಾಯಿಂಟುಗಳ ಕೆಳಗೆ ಇನ್ನೊಂದು ಸಾಲು ಅಚ್ಚು ಹಾಕಿಸಿ: ಕಾರಣಗಳನ್ನು ಒಂದಕ್ಕೊಂದು ಜೋಡಿಸಿ ವಾದಿಸಿದ್ದರೆ, ಪಾಯಿಂಟು ಎಷ್ಟೇ ಇರಲಿ, ಪೂರ್ಣ ಅಂಕ ಕೊಡುವುದು. ಆ ಸಾಲಿಲ್ಲದೆ ಕೊನೇ ಬೆಂಚಿನ ಹುಡುಗನಿಗೆ ನಾನು ಅಂಕ ಕೊಟ್ಟರೆ ಮರುಪರಿಶೀಲನೆಯಲ್ಲಿ ನೋಟೀಸು ಬರುವುದು ನನಗೆ.